ಬಾಡಿಗೆ ರಸೀದಿಯಲ್ಲಿ ಮೊತ್ತವನ್ನು ಕನ್ನಡ ಅಕ್ಷರಗಳಲ್ಲಿ ಬರೆಯುವುದು ಹೇಗೆ? ಎಲ್ಲಿ ತಪ್ಪಾಗುತ್ತದೆ?

ಅಂಕಿಯಲ್ಲಿ 24,075 ಎಂದಿದೆ. ಅದರ ಪಕ್ಕದಲ್ಲೇ ಅಕ್ಷರದಲ್ಲಿ 'ಇಪ್ಪತ್ತನಾಲ್ಕು ಸಾವಿರದ ಏಳುನೂರ ಐವತ್ತು ರೂಪಾಯಿ' ಎಂದಿದೆ. ಇಂಥ ಬಾಡಿಗೆ ರಸೀದಿ ಬೆಂಗಳೂರಿನ ಕಚೇರಿಗೆ ಹೋದರೆ ಯಾರಾದರೂ ಒಬ್ಬರು ಓದಿ, 'ಇದೇನ್ರೀ, ಎರಡೂ ಬೇರೆ ಬೇರೆ ಇದೆಯಲ್ಲ' ಎಂದು ವಾಪಸ್ ಕೊಡುತ್ತಾರೆ. ಗುರುಗ್ರಾಮದ ಕಚೇರಿಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಕನ್ನಡ ಓದುವವರು ಇರುವುದು ಕಡಿಮೆ. ಅಂಕಿ ನೋಡಿ ಫೈಲಿಗೆ ಹಾಕಿಬಿಡುತ್ತಾರೆ. ತಪ್ಪು ಬೆಳಕಿಗೆ ಬರುವುದು ವರ್ಷಗಳ ನಂತರ, ತೆರಿಗೆ ಪರಿಶೀಲನೆಯಲ್ಲೋ ಮುಂಗಡ ಹಣದ ಜಗಳದಲ್ಲೋ ಆ ಕಾಗದ ಮತ್ತೆ ಹೊರಗೆ ಬಂದಾಗ.

ದೆಹಲಿಯಲ್ಲಿ ಕನ್ನಡದ ಬಾಡಿಗೆ ರಸೀದಿ ಯಾರಿಗೆ ಬೇಕು ಎಂದು ನೀವು ಕೇಳಬಹುದು. ದೆಹಲಿ, ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮಗಳಲ್ಲಿ ಕೇಂದ್ರ ಸರ್ಕಾರದ ಕೆಲಸಕ್ಕೋ ಖಾಸಗಿ ಕಂಪನಿಗೋ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಇದು ಆಗಾಗ ಎದುರಾಗುವ ಸಂದರ್ಭ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಪೂರ್ವ ದೆಹಲಿಯ ಮಯೂರ್ ವಿಹಾರ್‌ನಲ್ಲಿ ತಾಯಿಯ ಹೆಸರಿನಲ್ಲಿ ಒಂದು ಫ್ಲ್ಯಾಟ್ ಇದೆ. ಗುರುಗ್ರಾಮದಲ್ಲಿ ಕೆಲಸ ಮಾಡುವ ಮಗ ಅದರಲ್ಲಿ ಇದ್ದಾನೆ, ತಿಂಗಳು ತಿಂಗಳು ತಾಯಿಗೆ ಬಾಡಿಗೆ ಕಟ್ಟುತ್ತಾನೆ. ಹಾಸನದಲ್ಲಿ ಓದಿ ಬೆಳೆದ ತಾಯಿಗೆ ನೆಮ್ಮದಿಯಾಗಿ ಬರೆಯಲು ಬರುವುದು ಕನ್ನಡ. ರಸೀದಿ ಕೊಡಬೇಕಾದವರು ಮಾಲೀಕರಾದ ಆಕೆಯೇ. ಬರೆಯುವ ಭಾಷೆಯೂ ಆಕೆಯದೇ.

ಹೀಗೆ ಹೆತ್ತವರಿಗೆ ಬಾಡಿಗೆ ಕಟ್ಟಿ ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ ವಿನಾಯಿತಿ ಪಡೆಯುವುದಕ್ಕೆ ಅಡ್ಡಿಯಿಲ್ಲ. ಆದರೆ ಬಾಡಿಗೆ ನಿಜವಾಗಿ ಕೊಟ್ಟಿರಬೇಕು. ತಾಯಿ ಅದನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ನೌಕರ ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು. 2017ರಲ್ಲಿ ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ, ತಾಯಿಗೆ ನಗದಾಗಿ ಬಾಡಿಗೆ ಕೊಟ್ಟೆ ಎಂದ ಮಗಳ ವಾದವನ್ನು ಒಪ್ಪಲಿಲ್ಲ. ಹಣ ನಿಜವಾಗಿ ಕೈ ಬದಲಾಯಿಸಿದ್ದಕ್ಕೆ ನಂಬುವಂಥ ಪುರಾವೆ ಇರಲಿಲ್ಲ, ರಸೀದಿ ಮಾತ್ರ ಸಾಲದು ಎನ್ನುವುದು ಆ ತೀರ್ಪಿನ ತಾತ್ಪರ್ಯ. ಹಾಗಿರುವಾಗ ರಸೀದಿಯಲ್ಲೇ ಅಂಕಿ ಒಂದು, ಅಕ್ಷರ ಒಂದು ಇದ್ದರೆ ಗತಿ ಏನು?

ಮೊತ್ತ ಹೀಗೆ ಬಂತು

ನಮ್ಮ ಉದಾಹರಣೆಯಲ್ಲಿ ಹಿಂದಿನ ವರ್ಷದ ಬಾಡಿಗೆ ತಿಂಗಳಿಗೆ 22,500 ರೂಪಾಯಿ ಇತ್ತು. ಒಪ್ಪಂದದ ಪ್ರಕಾರ ಶೇ. 7 ಏರಿಕೆ. ಹೊಸ ಬಾಡಿಗೆ 24,075. ಎರಡು ಸಾವಿರ, ಐದು ಸಾವಿರದಂಥ ಗುಂಡು ಮೊತ್ತಗಳನ್ನು ಯಾರಾದರೂ ಬರೆಯುತ್ತಾರೆ. ತೊಂದರೆ ಶುರುವಾಗುವುದು ಶೇಕಡಾವಾರು ಏರಿಕೆಯಾಗಿ ಇಂಥ ಒಡಕು ಸಂಖ್ಯೆ ಬಂದಾಗ.

ಮೊದಲು ಸಂಖ್ಯೆಯನ್ನು ಬಲಗಡೆಯಿಂದ ತುಂಡು ಮಾಡಿ. ಕೊನೆಯ ಎರಡು ಅಂಕಿ ಒಂದು ತುಂಡು: 75. ಅದರ ಎಡಕ್ಕಿರುವ ಒಂದೇ ಒಂದು ಅಂಕಿ ನೂರರ ಸ್ಥಾನ: 0. ಅದರ ಎಡಕ್ಕೆ ಎರಡು ಅಂಕಿ ಸಾವಿರ: 24. ಇನ್ನೂ ಎಡಕ್ಕೆ ಏನಾದರೂ ಇದ್ದರೆ ಎರಡು ಅಂಕಿ ಲಕ್ಷ. ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕುವ ಪಾಶ್ಚಾತ್ಯ ಪದ್ಧತಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಂಪ್ಯೂಟರ್‌ನಲ್ಲಿ 288,900 ಎಂದು ಕಂಡರೆ ಅದನ್ನು ಮೊದಲು 2,88,900 ಎಂದು ಬರೆದುಕೊಂಡೇ ಮುಂದೆ ಹೋಗಿ.

ಈಗ 24, 0, 75 ಎಂಬ ಮೂರು ತುಂಡುಗಳಿವೆ. ಎಡದಿಂದ ಓದಿ. ಇಪ್ಪತ್ತನಾಲ್ಕು ಸಾವಿರ. ನೂರರ ಜಾಗದಲ್ಲಿ ಸೊನ್ನೆ, ಆದ್ದರಿಂದ ನೂರು ಎಂಬ ಮಾತೇ ಬರುವುದಿಲ್ಲ. ಉಳಿದದ್ದು ಎಪ್ಪತ್ತೈದು. ಸೇರಿಸಿದರೆ 'ಇಪ್ಪತ್ತನಾಲ್ಕು ಸಾವಿರದ ಎಪ್ಪತ್ತೈದು'. ಮೇಲೆ ಹೇಳಿದ 'ಏಳುನೂರ ಐವತ್ತು' ಎಂಬ ತಪ್ಪು ಹುಟ್ಟುವುದು ಈ ಸೊನ್ನೆಯಿಂದಲೇ. ಕಣ್ಣು ಸೊನ್ನೆಯನ್ನು ಹಾರಿಸಿ 7 ಮತ್ತು 5ನ್ನು ಹಿಡಿಯುತ್ತದೆ, ನಾಲಿಗೆಗೆ ರೂಢಿಯಾದ 'ಏಳುನೂರ ಐವತ್ತು' ತಾನಾಗಿ ಬಂದುಬಿಡುತ್ತದೆ. ವ್ಯತ್ಯಾಸ 675 ರೂಪಾಯಿ. ವರ್ಷಕ್ಕೆ ಅದು 8,100 ಆಗುತ್ತದೆ.

'ಸಾವಿರ'ವೋ 'ಸಾವಿರದ'ವೋ?

ಕನ್ನಡದಲ್ಲಿ ಒಂದು ಅನುಕೂಲವಿದೆ. ಸಂಖ್ಯೆ ಅಲ್ಲಿಗೆ ಮುಗಿಯಿತೋ ಮುಂದುವರಿಯುತ್ತದೆಯೋ ಎಂಬುದನ್ನು ಪದದ ಕೊನೆಯೇ ಹೇಳುತ್ತದೆ. ಮುಗಿದರೆ 'ಸಾವಿರ', ಮುಂದೆ ಏನಾದರೂ ಇದ್ದರೆ 'ಸಾವಿರದ'. ಹಾಗೆಯೇ ಲಕ್ಷ, ಲಕ್ಷದ. ನೂರು ಎಂಬುದು ಮುಂದೆ ಸಂಖ್ಯೆ ಬಂದಾಗ 'ನೂರ' ಆಗುತ್ತದೆ: ಇನ್ನೂರು, ಆದರೆ ಇನ್ನೂರ ಇಪ್ಪತ್ತೈದು. ಕೆಲವರು 'ಇನ್ನೂರಾ ಇಪ್ಪತ್ತೈದು' ಎಂದು ದೀರ್ಘ ಹಾಕಿ ಬರೆಯುತ್ತಾರೆ, ಅದೂ ರೂಢಿಯಲ್ಲಿದೆ. ರಸೀದಿ ಪುಸ್ತಕದ ಉದ್ದಕ್ಕೂ ಒಂದೇ ರೀತಿ ಇದ್ದರೆ ಸಾಕು.

ಇದು ಬರಿ ವ್ಯಾಕರಣದ ಚೊಕ್ಕತನವಲ್ಲ. 'ಇಪ್ಪತ್ತನಾಲ್ಕು ಸಾವಿರದ ರೂಪಾಯಿ' ಎಂದು ಎಲ್ಲಾದರೂ ಕಂಡರೆ, ಬರೆದವರು ಏನನ್ನೋ ಬಿಟ್ಟಿದ್ದಾರೆ ಎಂದು ಓದಿದ ಕೂಡಲೇ ತಿಳಿಯುತ್ತದೆ. ಹಾಗೆಯೇ 'ಇಪ್ಪತ್ತನಾಲ್ಕು ಸಾವಿರ ಎಪ್ಪತ್ತೈದು' ಎಂದಿದ್ದರೆ 'ಎಪ್ಪತ್ತೈದು' ಆಮೇಲೆ ಸೇರಿಸಿದ್ದೇ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ. ಇಂಗ್ಲಿಷ್ ಕ್ರಮ ಕಣ್ಣಮುಂದೆ ಇಟ್ಟುಕೊಂಡು ಪದಕ್ಕೆ ಪದ ಕನ್ನಡ ಮಾಡುವವರು ಈ 'ದ' ಕಾರವನ್ನು ಬಿಟ್ಟುಬಿಡುವುದು ಹೆಚ್ಚು.

ಒಂಬತ್ತು ಅಂಕಿಗಳಲ್ಲಿ ಎರಡು ಮಾತ್ರ ಬೇರೆ

ಒಂದು, ಎರಡು, ಐದು, ಆರು, ಏಳು, ಎಂಟು, ಒಂಬತ್ತು. ಈ ಏಳೂ ಸ್ವರದಿಂದ ಶುರುವಾಗುವ ಪದಗಳು. ಮೂರು ಮತ್ತು ನಾಲ್ಕು ಮಾತ್ರ ವ್ಯಂಜನದಿಂದ ಶುರುವಾಗುತ್ತವೆ. ರಸೀದಿ ಬರೆಯುವವರಿಗೆ ಈ ಸಣ್ಣ ವ್ಯತ್ಯಾಸ ಎರಡು ಕಾರಣಕ್ಕೆ ಗೊತ್ತಿರಬೇಕು.

ಮೊದಲನೆಯದು ಕಾಗುಣಿತ. ಇಪ್ಪತ್ತು, ಮೂವತ್ತು, ನಲವತ್ತು ಮುಂತಾದವುಗಳ ಮುಂದೆ ಸ್ವರ ಬಂದಾಗ ಕೊನೆಯ ಉಕಾರ ಬಿದ್ದುಹೋಗಿ ಎರಡೂ ಬೆಸೆದುಕೊಳ್ಳುತ್ತವೆ. ಶಾಲೆಯಲ್ಲಿ ಕಲಿತ ಲೋಪಸಂಧಿಯೇ ಇದು. ಎಪ್ಪತ್ತು, ಐದು ಸೇರಿ ಎಪ್ಪತ್ತೈದು. ಎಂಬತ್ತು, ಎಂಟು ಸೇರಿ ಎಂಬತ್ತೆಂಟು. ಮೂರು ಮತ್ತು ನಾಲ್ಕು ಹೀಗೆ ಬೆಸೆಯುವುದಿಲ್ಲ. ಆದ್ದರಿಂದಲೇ ಇವೆರಡರಲ್ಲಿ ಬರವಣಿಗೆ ಒಬ್ಬೊಬ್ಬರದು ಒಂದೊಂದು ರೀತಿ: ಇಪ್ಪತ್ತನಾಲ್ಕು, ಇಪ್ಪತ್ತುನಾಲ್ಕು, ಇಪ್ಪತ್ನಾಲ್ಕು. ಮೂರೂ ಒಂದೇ ಸಂಖ್ಯೆ, ಯಾರಿಗೂ ಗೊಂದಲವಾಗದು. ಬರಹಕ್ಕೆ ಇಪ್ಪತ್ತನಾಲ್ಕು ಚೆನ್ನ. ಆದರೆ 'ಇಪ್ಪತ್ತು ನಾಲ್ಕು' ಎಂದು ನಡುವೆ ಜಾಗ ಬಿಟ್ಟು ಎರಡು ಪದ ಮಾಡಬೇಡಿ.

ಎರಡನೆಯದು ತಿದ್ದುಪಡಿಯ ಭಯ. ಅಂಕಿಯಲ್ಲಿ 5,000 ಇದ್ದುದನ್ನು ಮುಂದೆ ಒಂದು ಗೆರೆ ಎಳೆದು 15,000 ಮಾಡುವುದು ಸುಲಭ. ಅಕ್ಷರದಲ್ಲಿ ಅಷ್ಟು ಸುಲಭವಲ್ಲ. 'ಐದು' ಹೋಗಿ 'ಹದಿನೈದು' ಆಗಬೇಕಾದರೆ 'ಐ' ಎಂಬ ಅಕ್ಷರವೇ 'ನೈ' ಆಗಬೇಕು. 'ಆರು' ಹದಿನಾರಾಗಲು 'ಆ' ಎಂಬುದು 'ನಾ' ಆಗಬೇಕು. ತಿದ್ದಿದ್ದು ಕಣ್ಣಿಗೆ ಹೊಡೆಯುತ್ತದೆ. ಆದರೆ 'ಮೂರು ಸಾವಿರ'ದ ಹಿಂದೆ ಜಾಗವಿದ್ದರೆ 'ಹದಿ' ಎಂದು ಸೇರಿಸಿದರೆ ಮುಗಿಯಿತು, 'ಹದಿಮೂರು ಸಾವಿರ'. 'ನಾಲ್ಕು ಸಾವಿರ'ವೂ ಅಷ್ಟೇ: 'ಹದಿ' ಸೇರಿಸಿದರೆ ಹದಿನಾಲ್ಕು, 'ಇಪ್ಪತ್ತ' ಸೇರಿಸಿದರೆ ಇಪ್ಪತ್ತನಾಲ್ಕು. ಇದ್ದ ಒಂದು ಅಕ್ಷರವನ್ನೂ ಮುಟ್ಟಬೇಕಿಲ್ಲ.

ಇನ್ನೂ ದುರ್ಬಲವಾದ ಪದವೆಂದರೆ ಬರಿಯ 'ನೂರು'. ಮುಂದೆ 'ಐ' ಹಾಕಿದರೆ ಐನೂರು. 'ನಾ' ಹಾಕಿದರೆ ನಾನೂರು. 'ಇ' ಹಾಕಿ ಕೆಳಗೊಂದು ಒತ್ತಕ್ಷರ ಕೊಟ್ಟರೆ ಇನ್ನೂರು. ಬರಿಯ 'ಸಾವಿರ'ದ ಕಥೆಯೂ ಹೀಗೆಯೇ. ಮಾತಿನಲ್ಲಿ ನಾವು 1,500ಕ್ಕೆ 'ಸಾವಿರದ ಐನೂರು' ಎನ್ನುತ್ತೇವೆ. ರಸೀದಿಯಲ್ಲಿ ಹಾಗೆ ಬರೆದರೆ ಅದರ ಹಿಂದೆ 'ಹತ್ತು', 'ಇಪ್ಪತ್ತು' ಏನು ಬೇಕಾದರೂ ಕೂರುತ್ತದೆ. ಅದಕ್ಕಾಗಿ 'ಒಂದು ಸಾವಿರದ ಐನೂರು', 'ಐದು ಸಾವಿರದ ಒಂದು ನೂರು' ಎಂದೇ ಬರೆಯಬೇಕು. ಕೇಳಲು ತುಸು ಬಿಗಿ ಎನಿಸುತ್ತದೆ, ಆದರೆ ಇದು ಮಾತಾಡಲು ಬರೆಯುವ ಕಾಗದವಲ್ಲವಲ್ಲ.

ತಿಂಗಳ ಬಾಡಿಗೆ ಬ್ಯಾಂಕ್ ಮೂಲಕ ಹೋದರೆ ಸ್ಟೇಟ್‌ಮೆಂಟ್‌ನಲ್ಲಿ ದಾಖಲೆ ಇರುತ್ತದೆ, ರಸೀದಿಯನ್ನು ತಿದ್ದಿ ಹೆಚ್ಚೇನೂ ಲಾಭವಿಲ್ಲ. ಇಂಥ ತಿದ್ದುಪಡಿ ನಿಜವಾಗಿ ನೋವು ಕೊಡುವುದು ನಗದಾಗಿ ಪಡೆದ ಮುಂಗಡದ ರಸೀದಿಯಲ್ಲಿ. ಮೂರು ಸಾವಿರ ಪಡೆದು ಬರೆದುಕೊಟ್ಟದ್ದು ಮನೆ ಬಿಡುವ ದಿನ ಹದಿಮೂರು ಸಾವಿರವಾಗಿ ಎದುರಿಗೆ ಬಂದರೆ ಮಾಲೀಕರ ಬಳಿ ಹೇಳಲು ಏನೂ ಇರುವುದಿಲ್ಲ.

'ರೂಪಾಯಿ' ಎಲ್ಲಿ ಬರಬೇಕು?

ಇಂಗ್ಲಿಷ್ ಚೆಕ್ಕಿನಲ್ಲಿ ರೂಪಾಯಿ ಎಂಬ ಪದ ಮೊದಲೇ ಬಂದುಬಿಡುತ್ತದೆ, ಆಮೇಲೆ ಸಂಖ್ಯೆ. ಹಾಗಾಗಿ ಕೊನೆಯ ಬದಿ ತೆರೆದಿರುತ್ತದೆ. ಅದನ್ನು ಮುಚ್ಚಲು ಕೊನೆಗೆ 'ಮಾತ್ರ' ಎಂಬರ್ಥದ ಇಂಗ್ಲಿಷ್ ಪದ ಬರೆಯುತ್ತಾರೆ. ಕನ್ನಡದ ಸಹಜ ಕ್ರಮ ಇದಕ್ಕೆ ಉಲ್ಟಾ. ಸಂಖ್ಯೆ ಮೊದಲು, ರೂಪಾಯಿ ಆಮೇಲೆ: 'ಇಪ್ಪತ್ತನಾಲ್ಕು ಸಾವಿರದ ಎಪ್ಪತ್ತೈದು ರೂಪಾಯಿ ಮಾತ್ರ'. ಕೊನೆಯನ್ನು 'ರೂಪಾಯಿ' ಎಂಬುದೇ ಮುಚ್ಚಿರುತ್ತದೆ, 'ಮಾತ್ರ' ಎರಡನೇ ಬೀಗ. ತೆರೆದಿರುವುದು ಶುರುವಿನ ಬದಿ.

ಆದ್ದರಿಂದ ಕನ್ನಡದಲ್ಲಿ ಬರೆಯುವಾಗ ಎಡಗಡೆ ಜಾಗ ಬಿಡಬಾರದು. 'ಅಕ್ಷರದಲ್ಲಿ' ಎಂಬ ಮುದ್ರಿತ ಪದಕ್ಕೆ ಅಂಟಿಕೊಂಡಂತೆ ಶುರು ಮಾಡಿ. ಅಥವಾ ಆವರಣ ಚಿಹ್ನೆ ಹಾಕಿ ಅದರೊಳಗೆ ಬರೆಯಿರಿ. ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯಿರಿ. ಅಂಕಿಯಲ್ಲೂ ₹ ಚಿಹ್ನೆಗೆ ತಾಗಿದಂತೆ 24,075 ಬರೆದು ಕೊನೆಗೆ /- ಹಾಕುವ ಹಳೆಯ ರೂಢಿ ಒಳ್ಳೆಯದೇ. ರೂಪಾಯಿ, ರೂಪಾಯಿಗಳು ಎರಡೂ ಸರಿ. ಪೈಸೆ ಇದ್ದರೆ 'ರೂಪಾಯಿ ಐವತ್ತು ಪೈಸೆ ಮಾತ್ರ' ಎಂದು 'ಮಾತ್ರ' ಕೊನೆಗೆ ಹೋಗುತ್ತದೆ.

ಒಂದಕ್ಷರದಲ್ಲಿ ಐವತ್ತು ರೂಪಾಯಿ

ಕೈಬರಹದಲ್ಲಿ ಒಂದಕ್ಕೊಂದು ಹೋಲುವ ಪದಗಳು ಕೆಲವಿವೆ. ಅವುಗಳಲ್ಲಿ ಅತಿ ಮುಖ್ಯವಾದ ಜೋಡಿ ಇಪ್ಪತ್ತು ಮತ್ತು ಎಪ್ಪತ್ತು. ಮೊದಲ ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಒಂದೇ. ಅವಸರದಲ್ಲಿ ಬರೆದ 'ಇ' ಮತ್ತು 'ಎ' ಗಳನ್ನು ಗುರುತಿಸುವುದು ಕಷ್ಟ. ನಮ್ಮ ತಾಯಿ ಮೂರು ತಿಂಗಳಿಗೆ ಒಟ್ಟಿಗೆ ಒಂದು ರಸೀದಿ ಕೊಟ್ಟರೆ ಮೊತ್ತ 72,225 ಆಗುತ್ತದೆ. ಅಕ್ಷರದಲ್ಲಿ 'ಎಪ್ಪತ್ತೆರಡು ಸಾವಿರದ ಇನ್ನೂರ ಇಪ್ಪತ್ತೈದು ರೂಪಾಯಿ ಮಾತ್ರ'. ಇದೊಂದೇ ಸಾಲಿನಲ್ಲಿ ಎರಡೂ ಬಂದಿವೆ. ಮೊದಲನೆಯದನ್ನು 'ಇಪ್ಪತ್ತೆರಡು' ಎಂದು ಓದಿದರೆ ಐವತ್ತು ಸಾವಿರ ರೂಪಾಯಿ ಮಾಯ!

ಒಂಬತ್ತು, ಎಂಬತ್ತು, ತೊಂಬತ್ತು ಇನ್ನೊಂದು ಗುಂಪು. ಇಪ್ಪತ್ತು, ಮೂವತ್ತು ಎಲ್ಲದರ ಕೊನೆಯಲ್ಲೂ ಹಳಗನ್ನಡದ 'ಪತ್ತು', ಅಂದರೆ ಹತ್ತು ಅಡಗಿದೆ. ಒಂಬತ್ತು ಕೂಡ ಅದೇ ವೇಷದಲ್ಲಿದೆ, ಆದರೆ ಅದು ಬಿಡಿ ಅಂಕಿ. ದೆಹಲಿಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಒಂಬತ್ತನ್ನು ತೊಂಬತ್ತು ಮಾಡುವುದನ್ನು ಮನೆಯಲ್ಲಿ ನೀವೂ ಕೇಳಿರುತ್ತೀರಿ. ನೂರಕ್ಕೆ ಬಂದರೆ ಅದು 'ಒಂಬೈನೂರು'. ಎಂಭತ್ತು, ಒಂಭತ್ತು ಎಂದು ಮಹಾಪ್ರಾಣ ಹಾಕಿ ಬರೆಯುವವರು ಬಹಳ ಜನ ಇದ್ದಾರೆ. ಬಕಾರವೇ ಸರಿಯಾದ ರೂಪ, ಆದರೆ ಅದರಿಂದ ರಸೀದಿ ಕೆಡುವುದಿಲ್ಲ. ನೂರು ಮತ್ತು ಮೂರು, ಐನೂರು ಮತ್ತು ಇನ್ನೂರು ಇವುಗಳನ್ನು ಮಾತ್ರ ಬಿಡಿಸಿ, ನಿಧಾನವಾಗಿ ಬರೆಯಿರಿ.

ಹಿಂದಿ ಎಣಿಕೆಯ ಪ್ರಭಾವ

ದೆಹಲಿಯಲ್ಲಿ ಇನ್ನೊಂದು ವಿಶೇಷ ತೊಡಕಿದೆ. ಬಾಡಿಗೆಯ ಮಾತುಕತೆ ನಡೆಯುವುದು ಹಿಂದಿಯಲ್ಲಿ, ಬ್ರೋಕರ್ ಮೊತ್ತ ಹೇಳುವುದೂ ಹಿಂದಿಯಲ್ಲಿ. ಹಿಂದಿಯಲ್ಲಿ 75 ಎಂದರೆ 'ಪಚಹತ್ತರ್'. ಅಲ್ಲಿ ಐದರ ದನಿ ಮೊದಲು, ಎಪ್ಪತ್ತರ ದನಿ ಆಮೇಲೆ. ಕನ್ನಡದಲ್ಲಿ ಹತ್ತರ ಸ್ಥಾನ ಮೊದಲು, ಬಿಡಿ ಆಮೇಲೆ. ಕಿವಿಯಲ್ಲಿ ಕೇಳಿದ್ದನ್ನು ನೇರವಾಗಿ ಕನ್ನಡ ಅಕ್ಷರಕ್ಕೆ ಇಳಿಸುವವರು ಇಲ್ಲಿ ಎಡವುತ್ತಾರೆ.

ಒಂಬತ್ತು ಕೊನೆಗಿರುವ ಸಂಖ್ಯೆಗಳಂತೂ ಇನ್ನೂ ಕಷ್ಟ. ಹಿಂದಿಯ 'ಉನ್‌ಸಠ್' ಎಂಬುದರಲ್ಲಿ ಅರವತ್ತರ 'ಸಾಠ್' ಕೇಳುತ್ತದೆ, ಆದರೆ ಅದು ಅರವತ್ತಕ್ಕೆ ಒಂದು ಕಡಿಮೆ, ಅಂದರೆ 59. ಕನ್ನಡದಲ್ಲಿ ಐವತ್ತೊಂಬತ್ತು. ಅರವತ್ತರ ಸುಳಿವು ಹಿಡಿದು ಅರವತ್ತೊಂಬತ್ತು ಎಂದು ಬರೆದುಬಿಟ್ಟರೆ ಹತ್ತು ಹೆಚ್ಚಾಯಿತು. ಮಾತಿನಲ್ಲಿ ಕೇಳಿದ ಮೊತ್ತವನ್ನು ಮೊದಲು ಅಂಕಿಯಲ್ಲಿ ಬರೆದು ಎದುರಿನವರಿಗೆ ತೋರಿಸಿ. ಅವರು ಹೌದು ಎಂದ ಮೇಲೆ ಆ ಅಂಕಿಯನ್ನು ನೋಡಿ ಕನ್ನಡದಲ್ಲಿ ಬರೆಯಿರಿ.

ಅಂಕಿ ಕನ್ನಡದಲ್ಲಿ ಬೇಡವೇ?

ಅಕ್ಷರ ಕನ್ನಡದಲ್ಲಿರುವಾಗ ಅಂಕಿಯನ್ನೂ ೨೪,೦೭೫ ಎಂದು ಬರೆಯಬಾರದೇಕೆ ಎನ್ನುವವರಿದ್ದಾರೆ. ಆಸೆ ತಪ್ಪಲ್ಲ. ಆದರೆ ಒಂದು ಪ್ರಕರಣ ನೆನಪಿಡಬೇಕು. 2020ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿಯ ಗ್ರಾಹಕರೊಬ್ಬರು ವಿದ್ಯುತ್ ಬಿಲ್ ಕಟ್ಟಲು ಕನ್ನಡದಲ್ಲಿ ಚೆಕ್ ಬರೆದರು. ತಿಂಗಳ ಜಾಗದಲ್ಲಿದ್ದ ೯ ಎಂಬ ಅಂಕಿಯನ್ನು ಬ್ಯಾಂಕಿನಲ್ಲಿ ೬ ಎಂದು ಓದಿ, ಸೆಪ್ಟೆಂಬರ್ ಚೆಕ್ಕನ್ನು ಜೂನ್ ಚೆಕ್ ಎಂದು ತಿಳಿದು ಅಮಾನ್ಯ ಮಾಡಿದರು. 2022ರಲ್ಲಿ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗ ಆ ಸಾರ್ವಜನಿಕ ವಲಯದ ಬ್ಯಾಂಕಿಗೆ 85,177 ರೂಪಾಯಿ ಕೊಡುವಂತೆ ಆದೇಶಿಸಿತು. (ಅಭ್ಯಾಸಕ್ಕೆ: ಎಂಬತ್ತೈದು ಸಾವಿರದ ಒಂದು ನೂರ ಎಪ್ಪತ್ತೇಳು.) ಗ್ರಾಹಕರು ಗೆದ್ದರು, ನಿಜ. ಆದರೆ ಕರ್ನಾಟಕದ ಬ್ಯಾಂಕಿನಲ್ಲೇ ಹಾಗಾದರೆ ಗುರುಗ್ರಾಮದ ಅಕೌಂಟ್ಸ್ ವಿಭಾಗದಲ್ಲಿ ೬, ೯ ಗಳ ಗತಿ ಏನಾದೀತು? ದೆಹಲಿಯಲ್ಲಿ ಬಳಸುವ ರಸೀದಿಗೆ ಅಂಕಿ 1, 2, 3 ರೂಪದಲ್ಲಿ, ಅಕ್ಷರ ಕನ್ನಡದಲ್ಲಿ ಇರಲಿ. ದಿನಾಂಕಕ್ಕೂ ಇದೇ ಮಾತು.

ಎರಡೂ ಬೇರೆಯಾದರೆ ಯಾವುದು ಸಿಂಧು? ಚೆಕ್, ಹುಂಡಿ, ಪ್ರಾಮಿಸರಿ ನೋಟುಗಳಿಗೆ ಸಂಬಂಧಿಸಿದ 1881ರ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಕ್ಷರದಲ್ಲಿ ಬರೆದ ಮೊತ್ತವೇ ಸಿಂಧು. ಬಾಡಿಗೆ ರಸೀದಿಗೆ ಈ ಸೆಕ್ಷನ್ ನೇರವಾಗಿ ಅನ್ವಯಿಸುವುದಿಲ್ಲ. ರಸೀದಿ ಒಂದು ಪುರಾವೆ, ಬ್ಯಾಂಕ್ ಸ್ಟೇಟ್‌ಮೆಂಟ್ ಜತೆಗಿಟ್ಟು ಅದನ್ನು ತೂಗುತ್ತಾರೆ. ಆದರೂ ಅಕ್ಷರದಲ್ಲಿ ಬರೆದದ್ದು ಯೋಚಿಸಿ ಬರೆದದ್ದು ಎಂಬ ಭಾವನೆ ಎಲ್ಲೆಡೆ ಇದೆ.

ಪೂರ್ತಿ ರಸೀದಿ ಹೀಗಿರುತ್ತದೆ

'ದೆಹಲಿಯ ಮಯೂರ್ ವಿಹಾರ್ ಫೇಸ್ 1ರಲ್ಲಿರುವ ನನ್ನ ಫ್ಲ್ಯಾಟ್ ಸಂಖ್ಯೆ ____ರ 2025ರ ಏಪ್ರಿಲ್ ತಿಂಗಳ ಬಾಡಿಗೆಯಾಗಿ ಶ್ರೀ ______ ಅವರಿಂದ ₹24,075/- (ಇಪ್ಪತ್ತನಾಲ್ಕು ಸಾವಿರದ ಎಪ್ಪತ್ತೈದು ರೂಪಾಯಿ ಮಾತ್ರ) ಬ್ಯಾಂಕ್ ವರ್ಗಾವಣೆಯ ಮೂಲಕ ಸ್ವೀಕರಿಸಿದ್ದೇನೆ.'

ಕೆಳಗೆ ದಿನಾಂಕ, ತಾಯಿಯ ಸಹಿ, ಪೂರ್ಣ ಹೆಸರು. ವರ್ಷದ ಬಾಡಿಗೆ 1 ಲಕ್ಷ ದಾಟುವುದರಿಂದ ಮಾಲೀಕರ ಪ್ಯಾನ್ ಸಂಖ್ಯೆಯೂ ಬೇಕು. ನಗದಾಗಿ 5,000 ರೂಪಾಯಿಗಿಂತ ಹೆಚ್ಚು ಪಡೆದಿದ್ದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಹಾಯುವಂತೆ ಸಹಿ ಮಾಡಬೇಕು. ವಿಳಾಸವನ್ನು ಪೂರ್ತಿ ಬರೆಯುವುದಕ್ಕೂ ಕಾರಣವಿದೆ. ಎಚ್‌ಆರ್‌ಎ ಲೆಕ್ಕದಲ್ಲಿ ದೆಹಲಿಯ ಮನೆಗೆ ಸಂಬಳದ ಶೇ. 50ರ ಮಿತಿ, ನೋಯ್ಡಾ ಅಥವಾ ಗುರುಗ್ರಾಮದ ಮನೆಗೆ ಶೇ. 40. ಕಚೇರಿ ಎಲ್ಲಿದೆ ಎಂಬುದಲ್ಲ, ಮನೆ ಎಲ್ಲಿದೆ ಎಂಬುದು ಮುಖ್ಯ. ಹೌಸಿಂಗ್ ಸೊಸೈಟಿಯ ನಿರ್ವಹಣಾ ವೆಚ್ಚವನ್ನು ಬಾಡಿಗೆಗೆ ಕೂಡಿಸಿ ಒಂದೇ ಮೊತ್ತ ಬರೆಯಬೇಡಿ, ಅದಕ್ಕೆ ಬೇರೆ ಸಾಲು ಅಥವಾ ಬೇರೆ ರಸೀದಿ ಮಾಡಿ.

ಸಹಿ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಅಂಕಿಯನ್ನು ಕೈಯಿಂದ ಮುಚ್ಚಿ, ಅಕ್ಷರವನ್ನು ಮಾತ್ರ ಮನೆಯಲ್ಲಿ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ, ಕೇಳಿದ್ದನ್ನು ಬೇರೆ ಕಾಗದದ ಮೇಲೆ ಲಕ್ಷ, ಸಾವಿರ, ನೂರು, ಉಳಿದದ್ದು ಎಂಬ ನಾಲ್ಕು ಮನೆಗಳಲ್ಲಿ ತುಂಬಿ. 'ಇಪ್ಪತ್ತನಾಲ್ಕು ಸಾವಿರದ' ಎಂದಾಗ ಸಾವಿರದ ಮನೆಗೆ 24. 'ಎಪ್ಪತ್ತೈದು' ಎಂದಾಗ ಕೊನೆಯ ಮನೆಗೆ 75. ನೂರರ ಮನೆಯಲ್ಲಿ ಏನೂ ಬೀಳಲಿಲ್ಲ, ಅಲ್ಲಿಗೆ ಸೊನ್ನೆ. ಈಗ ಕೈ ತೆಗೆದು ಹೋಲಿಸಿ. ಬರೆದವರೇ ಅಂಕಿ ನೋಡುತ್ತಾ ಓದಿಕೊಂಡರೆ ತಪ್ಪು ಸಿಗುವುದಿಲ್ಲ, ಕಣ್ಣು ತನಗೆ ಬೇಕಾದದ್ದನ್ನೇ ಓದಿಬಿಡುತ್ತದೆ.

ತಪ್ಪು ಸಿಕ್ಕರೆ ಅದರ ಮೇಲೆಯೇ ತಿದ್ದಬೇಡಿ. ಆ ಹಾಳೆಗೆ ಅಡ್ಡಗೆರೆ ಎಳೆದು 'ರದ್ದು' ಎಂದು ಬರೆದು ಪುಸ್ತಕದಲ್ಲೇ ಉಳಿಸಿ, ಹೊಸ ಹಾಳೆ ತೆಗೆದುಕೊಳ್ಳಿ.

ಮಾರ್ಚ್ ತಿಂಗಳಲ್ಲಿ ಇಡೀ ವರ್ಷಕ್ಕೆ ಒಂದೇ ಒಟ್ಟು ರಸೀದಿ ಕೇಳುವ ಕಚೇರಿಗಳೂ ಇವೆ. 24,075ರಂತೆ 12 ತಿಂಗಳಿಗೆ 2,88,900. ಅಕ್ಷರದಲ್ಲಿ 'ಎರಡು ಲಕ್ಷದ ಎಂಬತ್ತೆಂಟು ಸಾವಿರದ ಒಂಬೈನೂರು ರೂಪಾಯಿ ಮಾತ್ರ'. ಲಕ್ಷಕ್ಕೂ ಸಾವಿರಕ್ಕೂ 'ದ' ಬಂತು, ಒಂಬೈನೂರಕ್ಕೆ ಬರಲಿಲ್ಲ, ಏಕೆಂದರೆ ಸಂಖ್ಯೆ ಅಲ್ಲಿಗೆ ಮುಗಿಯಿತು. ಕನ್ನಡ ಓದಲು ಬಾರದ ಅಕೌಂಟೆಂಟ್‌ಗಾಗಿ ಇದರ ಕೆಳಗೆ ಅದೇ ಮೊತ್ತವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇನ್ನೊಂದು ಸಾಲಿನಲ್ಲಿ ಬರೆದು ಕೊಡಬಹುದು. ಆದರೆ ಆ ಸಾಲು ಮಗ ಆಮೇಲೆ ಸೇರಿಸಿದ್ದಾಗಬಾರದು. ತಾಯಿಯ ಸಹಿ ಬೀಳುವ ಮೊದಲೇ, ಸಹಿಯ ಮೇಲ್ಭಾಗದಲ್ಲಿ ಇರಬೇಕು.